‘ನೋವಾಗಿದ್ದರೆ’ ಅನ್ನೋದರ ಆ ಒಂದು ‘ರೆ’



ಕಳೆದ ಬುಧವಾರ ರಾತ್ರಿ ಒಂಬತ್ತು ಗಂಟೆಗೆ, ಇದೇ ಕುರ್ಚಿಯಲ್ಲಿ ಕೂತು ನಾನು ನಿಮ್ಮೆದುರು ಕ್ಷಮೆ ಕೇಳಿದೆ. ಆಮೇಲೆ ನಿಮ್ಮಲ್ಲಿ ತುಂಬಾ ಜನ ಫೋನ್ ಮಾಡಿದ್ರಿ, ಮೆಸೇಜ್ ಹಾಕಿದ್ರಿ. ಕೆಲವರು ಒಳ್ಳೇದು ಮಾಡಿದ್ರಿ ಅಂದ್ರಿ. ಇನ್ನು ಕೆಲವರು, “ಬಿಡಿ ಸಾರ್, ಒಂದು ತಮಾಷೆಗೆ ಇಷ್ಟೆಲ್ಲಾ ಯಾಕೆ? ಒಂದು ಸಾರಿ ಹೇಳಿದ್ರೆ ಸಾಕಾಗಿತ್ತು” ಅಂದ್ರಿ. ಇವತ್ತಿನ ಮಾತು ಈ ಎರಡನೇ ಗುಂಪಿನವರಿಗೆ. ಯಾಕಂದ್ರೆ ಒಂದು ಸಾರಿ ಹೇಳಿ ಮುಗಿಸೋಕೆ ನಾನೂ ಹೊರಟಿದ್ದೆ. ಮಂಗಳವಾರ ಬರೆದಿಟ್ಟುಕೊಂಡಿದ್ದ ಕ್ಷಮಾಪಣೆಗೂ ಬುಧವಾರ ಓದಿದ್ದಕ್ಕೂ ಬಹಳ ವ್ಯತ್ಯಾಸ ಇತ್ತು. ಆ ವ್ಯತ್ಯಾಸ ಏನು ಅನ್ನೋದನ್ನ ಬಿಡಿಸಿ ಹೇಳ್ತೀನಿ.

ಮೊದಲು ನಡೆದದ್ದು ಏನು ಅಂತ ನೋಡೋಣ. ಸೋಮವಾರದ ವಾರ್ತೆಯಲ್ಲಿ ತುರುವೇಕೆರೆ ತಾಲ್ಲೂಕಿನಿಂದ ಒಂದು ಸಣ್ಣ ಸುದ್ದಿ ಬಂದಿತ್ತು. ಕಾಯಿ ಕೆಡವೋಕೆ ಅಂತ ತೆಂಗಿನ ಮರ ಹತ್ತಿದ್ದ ಒಬ್ಬರು ಕೆಳಗೆ ಬಿದ್ದು ಆಸ್ಪತ್ರೆ ಸೇರಿದ್ದರು. ನಾನು ಅದನ್ನ ಓದಿದೆ. ಓದಿ ಮುಗಿದ ಮೇಲೆ ಮುಂದಿನ ಸುದ್ದಿಗೆ ಹೋಗಬೇಕಿತ್ತು, ಹೋಗಲಿಲ್ಲ. ಆ ಮನುಷ್ಯ ಬಿದ್ದದ್ದನ್ನ ಕಾಯಿ ಉದುರೋದಕ್ಕೆ ಹೋಲಿಸಿ ಒಂದು ಮಾತು ಸೇರಿಸಿದೆ. ನಕ್ಕೆ. ಸ್ಟುಡಿಯೋದಲ್ಲೂ ಒಂದಿಬ್ಬರು ನಕ್ಕರು. ಎಲ್ಲಾ ಸೇರಿ ಐದಾರು ಸೆಕೆಂಡು. ಆ ಮಾತನ್ನ ಇಲ್ಲಿ ಮತ್ತೆ ಹೇಳೋದಿಲ್ಲ. ಯಾಕೆ ಅಂತ ಮುಂದೆ ಗೊತ್ತಾಗುತ್ತೆ.

ಮಂಗಳವಾರ ಬೆಳಗ್ಗೆ ಆಫೀಸಿಗೆ ಒಂದು ಫೋನ್ ಬಂತು. ತುರುವೇಕೆರೆ ಕಡೆಯ ಹೆಣ್ಣುಮಗಳು. ಸುದ್ದಿಯಲ್ಲಿದ್ದವರ ಮನೆಯವರಲ್ಲ, ಬೇರೆಯವರು. ಅವರ ಯಜಮಾನರೂ ಕಾಯಿ ಕೆಡವೋ ಕೆಲಸವನ್ನೇ ಮಾಡ್ತಿದ್ದವರು. ಮೂರು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲದೆ ಮಲಗಿದ್ದಾರೆ. ಆಕೆ ಬೈಲಿಲ್ಲ, ಕೂಗಾಡಲಿಲ್ಲ. “ಅಣ್ಣಾ, ರಾತ್ರಿ ನೀವು ನಕ್ಕಾಗ ಅವರು ಟಿವಿ ಮುಂದೇನೇ ಮಲಗಿದ್ರು. ಆಮೇಲೆ ಆಫ್ ಮಾಡು ಅಂದ್ರು. ಅಷ್ಟೇ ಹೇಳೋಣ ಅಂತ ಮಾಡ್ದೆ” ಅಂದು ಸುಮ್ಮನಾದರು. ಕ್ಷಮೆ ಕೇಳಿ ಅಂತಲೂ ಹೇಳಲಿಲ್ಲ.

ಫೋನ್ ಇಟ್ಟ ಮೇಲೆ ನಾನು ಪೆನ್ನು ತಗೊಂಡು ನಾಲ್ಕು ವಾಕ್ಯ ಬರೆದೆ. ಅದು ಹೀಗಿತ್ತು: “ನಿನ್ನೆಯ ವಾರ್ತೆಯಲ್ಲಿ ನನ್ನ ಮಾತಿನಿಂದ ಯಾರ ಮನಸ್ಸಿಗಾದರೂ ನೋವಾಗಿದ್ದರೆ ಕ್ಷಮೆ ಇರಲಿ. ಯಾರನ್ನೂ ನೋಯಿಸುವ ಉದ್ದೇಶ ನನಗಿರಲಿಲ್ಲ. ನೇರ ಪ್ರಸಾರದ ಭರದಲ್ಲಿ ಬಾಯಿತಪ್ಪಿ ಬಂದ ಮಾತು ಅದು. ಕೆಲವರು ಅದನ್ನು ಬೇರೆ ಅರ್ಥದಲ್ಲಿ ತೆಗೆದುಕೊಂಡಿದ್ದಾರೆ.”

ಕೇಳೋಕೆ ಚೆನ್ನಾಗಿದೆ, ಅಲ್ವಾ? ಮರ್ಯಾದಸ್ಥರ ಭಾಷೆ. ಇಂಥದ್ದನ್ನ ನಾನೇ ಎಷ್ಟೋ ಸಾರಿ ಬೇರೆಯವರ ಹೆಸರಲ್ಲಿ ಬ್ರೇಕಿಂಗ್ ನ್ಯೂಸ್ ಅಂತ ಓದಿದ್ದೀನಿ. ಆದರೆ ಈ ಕಾಗದವನ್ನ ಹಿಡಿದುಕೊಂಡು, ಆಕೆ ನನ್ನೆದುರು ಕೂತಿದ್ದಾರೆ ಅಂದುಕೊಂಡು ಗಟ್ಟಿಯಾಗಿ ಓದಿದೆ. ಓದೋಕೆ ಆಗಲಿಲ್ಲ. ಮೊದಲ ವಾಕ್ಯದಲ್ಲೇ ನಾಲಿಗೆ ಕಚ್ಚಿಕೊಂಡೆ.

ಆಗ ನನಗೆ ನೆನಪಾದದ್ದು 2021ರ ಡಿಸೆಂಬರ್ 16, ಬೆಳಗಾವಿಯ ಸುವರ್ಣ ವಿಧಾನಸೌಧ.

ನಿಮಗೂ ನೆನಪಿರಬೇಕು. ಮಳೆಯಿಂದ ಆದ ಬೆಳೆ ಹಾನಿಯ ಬಗ್ಗೆ ಸದನದಲ್ಲಿ ಚರ್ಚೆ ಆಗಬೇಕಿತ್ತು. ಮಾತಾಡೋಕೆ ಎಲ್ಲರೂ ಸಮಯ ಕೇಳ್ತಿದ್ರು. ಸಭಾಧ್ಯಕ್ಷರಾಗಿದ್ದ ವಿಶ್ವೇಶ್ವರ ಹೆಗಡೆ ಕಾಗೇರಿಯವರು, ನಿಯಂತ್ರಣ ಮಾಡೋದನ್ನ ಬಿಟ್ಟು ಆಗಿದ್ದನ್ನ ಆನಂದಿಸೋ ಪರಿಸ್ಥಿತಿ ನನ್ನದು ಅನ್ನೋ ಅರ್ಥದಲ್ಲಿ ಅಸಹಾಯಕತೆ ತೋಡಿಕೊಂಡರು. ಆಗ ಶ್ರೀನಿವಾಸಪುರದ ಶಾಸಕ, ತಾವೇ ಸಭಾಧ್ಯಕ್ಷರಾಗಿದ್ದ ಹಿರಿಯರು ಕೆ.ಆರ್. ರಮೇಶ್ ಕುಮಾರ್ ಎದ್ದು ನಿಂತು, ಅತ್ಯಾಚಾರದ ಬಗ್ಗೆ ಒಂದು ಹಳೇ ಹೊಲಸು ಮಾತನ್ನ ತಮಾಷೆಯಾಗಿ ಆಡಿದರು. ಪೀಠದಲ್ಲಿದ್ದವರು ನಕ್ಕರು. ಸದನದಲ್ಲಿ ಆ ಕ್ಷಣಕ್ಕೆ ಯಾರೂ ತಡೆಯಲಿಲ್ಲ. ದೃಶ್ಯ ಹೊರಗೆ ಬಂದ ಮೇಲೆ ದೇಶವೇ ಸಿಟ್ಟಾಯಿತು. ಅವರದೇ ಪಕ್ಷದ ಪ್ರಿಯಾಂಕಾ ಗಾಂಧಿ ಖಂಡಿಸಿದರು.

ಅವತ್ತೇ ರಮೇಶ್ ಕುಮಾರ್ ಟ್ವಿಟರ್‌ನಲ್ಲಿ ಕ್ಷಮೆ ಕೇಳಿದರು. ಮರುದಿನ, 17ರಂದು, ಸದನದಲ್ಲೂ ಕೇಳಿದರು. ಈ ಎರಡು ಕ್ಷಮಾಪಣೆಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಇದನ್ನ ಅವರನ್ನ ಹಳಿಯೋಕೆ ಹೇಳ್ತಿಲ್ಲ. ನಾನೂ ಈಗ ಅದೇ ಸಾಲಿನಲ್ಲಿ ನಿಂತವನು. ಕ್ಷಮಾಪಣೆಯಲ್ಲಿ ಎಲ್ಲಿ ಸರಿ, ಎಲ್ಲಿ ಜಾರುತ್ತೆ ಅನ್ನೋದು ಇಲ್ಲಿ ಚೆನ್ನಾಗಿ ಕಾಣುತ್ತೆ, ಅದಕ್ಕೆ.

ಮೊದಲು ಸರಿ ಇದ್ದದ್ದು. ಟ್ವಿಟರ್‌ನಲ್ಲಿ ಅವರು ತಮ್ಮ ಮಾತನ್ನ ತಾವೇ ಅಸಡ್ಡೆಯ, ನಿರ್ಲಕ್ಷ್ಯದ ಮಾತು ಅಂತ ಕರೆದರು. ಯಾವುದರ ಬಗ್ಗೆ ಆಡಿದ್ದು ಅನ್ನೋದನ್ನ ಮುಚ್ಚಿಡದೆ ಅತ್ಯಾಚಾರ ಅನ್ನೋ ಶಬ್ದವನ್ನೇ ಬಳಸಿದರು. ಮುಂದೆ ಮಾತನ್ನ ಎಚ್ಚರದಿಂದ ಆಡ್ತೀನಿ ಅಂದರು. ಇವು ಮೂರೂ ಬೇಕಾದವೇ. ಆದರೆ ಅದೇ ಸಾಲುಗಳ ನಡುವೆ ಇನ್ನೆರಡು ಮಾತು ಸೇರಿಕೊಂಡವು. ಆ ಘೋರ ಅಪರಾಧವನ್ನ ಹಗುರ ಮಾಡೋ ಉದ್ದೇಶ ಇರಲಿಲ್ಲ ಅನ್ನೋದು ಒಂದು. ಯೋಚಿಸದೆ ಥಟ್ಟನೆ ಬಂದ ಮಾತು ಅನ್ನೋದು ಇನ್ನೊಂದು. ಮರುದಿನ ಸದನದಲ್ಲಿ, ಹೆಣ್ಣುಮಕ್ಕಳಿಗೆ ನೋವಾಗಿದ್ದರೆ ಕ್ಷಮೆ ಕೇಳೋಕೆ ನನಗೇನೂ ತೊಂದರೆ ಇಲ್ಲ ಅನ್ನೋ ಧಾಟಿಯಲ್ಲಿ ಮಾತು ಬಂತು. ಹೃದಯಪೂರ್ವಕವಾಗಿ ಕ್ಷಮೆ ಕೇಳ್ತೀನಿ ಅಂತಲೂ ಅಂದರು. ಆದರೆ ಅಷ್ಟರಲ್ಲಿ ಆ ‘ಆಗಿದ್ದರೆ’ ಕೆಲಸ ಮಾಡಿ ಆಗಿತ್ತು.

ಈ ‘ರೆ’ಯನ್ನ ಸ್ವಲ್ಪ ನೋಡಿ. ನಮ್ಮ ಕನ್ನಡದಲ್ಲಿ ಒಂದೇ ಒಂದು ಅಕ್ಷರ. ‘ನೋವಾಗಿದೆ’ ಅಂದ್ರೆ ಒಪ್ಪಿಕೊಂಡ ಹಾಗೆ. ‘ನೋವಾಗಿದ್ದರೆ’ ಅಂದ್ರೆ, ಆಗಿದೆಯೋ ಇಲ್ಲವೋ ನನಗೆ ಗೊತ್ತಿಲ್ಲ, ಆಗಿದೆ ಅನ್ನೋರು ಬಂದು ತೋರಿಸಿ, ಆಮೇಲೆ ನೋಡೋಣ ಅಂದ ಹಾಗೆ. ತಪ್ಪು ಮಾಡಿದವನ ತಲೆ ಮೇಲಿದ್ದ ಹೊರೆ ಆ ಒಂದಕ್ಷರದಲ್ಲಿ ನೊಂದವರ ತಲೆಗೆ ಹೋಯ್ತು. ನೊಂದಿದ್ದೀನಿ ಅಂತ ಈಗ ಅವರೇ ಸಾಬೀತು ಮಾಡಬೇಕು. ನನಗೆ ಫೋನ್ ಮಾಡಿದ ಹೆಣ್ಣುಮಗಳು ನೋವಾಗಿದೆ ಅಂತ ಬಾಯಿಬಿಟ್ಟು ಹೇಳಿ ಆಗಿತ್ತು. ಅಷ್ಟಾದ ಮೇಲೂ ‘ಆಗಿದ್ದರೆ’ ಅಂದರೆ, ಅವರ ಮಾತನ್ನ ನಾನು ನಂಬಲಿಲ್ಲ ಅಂತ ಅರ್ಥ. ಹಾಗಾಗಿ ನನ್ನ ಕಾಗದದಲ್ಲಿ ಮೊದಲು ಹೊಡೆದು ಹಾಕಿದ್ದು ಆ ‘ರೆ’ಯನ್ನ.

‘ರೆ’ ಹೋದ ಮೇಲೆ ಅದರ ಜೊತೆಗಿದ್ದ ‘ಯಾರ ಮನಸ್ಸಿಗಾದರೂ’ ಅನ್ನೋದೂ ನಿಲ್ಲಲಿಲ್ಲ. ಯಾರಿಗಾದರೂ ಅಂದ್ರೆ ಯಾರಿಗೂ ಅಲ್ಲ. ಯಾರಿಗೆ ಅನ್ನೋದು ನನಗೆ ಗೊತ್ತಿತ್ತು. ಬಿದ್ದವರಿಗೆ, ಅವರ ಮನೆಯವರಿಗೆ, ಅದೇ ಕೆಲಸ ಮಾಡೋ ಬೇರೆಯವರಿಗೆ, ಹಿಂದೆ ಬಿದ್ದು ಮಲಗಿದವರಿಗೆ. ಗೊತ್ತಿದ್ದೂ ಹೆಸರಿಸದೆ ಇರೋದು ಜಾರಿಕೊಳ್ಳೋ ದಾರಿ. ‘ಕ್ಷಮೆ ಇರಲಿ’ ಅನ್ನೋದನ್ನೂ ತೆಗೆದೆ. ಬಸ್ಸಲ್ಲಿ ಕಾಲು ತುಳಿದಾಗ ಹೇಳೋ ಮಾತು ಅದು. ‘ತಪ್ಪಾಯ್ತು’ ಅಂತ ಬರೆಯೋಣ ಅಂದುಕೊಂಡೆ. ನಮ್ಮ ಜನರ ಬಾಯಲ್ಲಿ ಒಳ್ಳೇ ಮಾತು, ಕೈಮುಗಿದು ಹೇಳೋ ಮಾತು. ಆದರೆ ಅದರಲ್ಲೂ ‘ನಾನು’ ಇಲ್ಲ. ಮಳೆ ಆಯ್ತು, ಸಂಜೆ ಆಯ್ತು ಅನ್ನೋ ಹಾಗೆ ತಪ್ಪೂ ತಾನಾಗೇ ಆಯ್ತು. ಎದುರಿಗೆ ನಿಂತು ಕೈಮುಗಿದವನಿಗೆ ಅದು ಸಾಕು, ಯಾಕಂದ್ರೆ ಆ ಕೈಗಳೇ ‘ನಾನು’ ಅಂತ ಹೇಳ್ತವೆ. ಟಿವಿಯಲ್ಲಿ ಕಾಗದ ನೋಡಿ ಓದೋನಿಗೆ ಅದು ಸಾಲದು. ಅದಕ್ಕೆ ‘ನಾನು ತಪ್ಪು ಮಾಡಿದೆ’ ಅಂತ ಬರೆದೆ.

ಎರಡನೇ ವಾಕ್ಯ, ಉದ್ದೇಶದ್ದು. ‘ನೋಯಿಸುವ ಉದ್ದೇಶ ಇರಲಿಲ್ಲ.’ ಇದು ಸುಳ್ಳಲ್ಲ. ರಮೇಶ್ ಕುಮಾರ್ ಹೇಳಿದ್ದೂ ಸುಳ್ಳಿರಲಿಕ್ಕಿಲ್ಲ. ಹಾಗಾದ್ರೆ ಯಾಕೆ ತೆಗೀಬೇಕು? ಯಾಕಂದ್ರೆ ತಮಾಷೆ ಮಾಡೋನಿಗೆ ನೋಯಿಸೋ ಉದ್ದೇಶ ಸಾಮಾನ್ಯವಾಗಿ ಇರೋದೇ ಇಲ್ಲ. ತೊಂದರೆ ಇರೋದೇ ಅಲ್ಲಿ. ಸೋಮವಾರ ರಾತ್ರಿ ನಾನು ಆ ಮನುಷ್ಯನನ್ನ ನೋಯಿಸಬೇಕು ಅಂತ ಯೋಚಿಸಲಿಲ್ಲ ನಿಜ. ಆದರೆ ಅದಕ್ಕೆ ಕಾರಣ, ನಾನು ಆತನ ಬಗ್ಗೆ ಯೋಚಿಸಲೇ ಇಲ್ಲ. ಉದ್ದೇಶ ಇರಲಿಲ್ಲ ಅನ್ನೋದು ನನ್ನ ಪರ ವಾದ ಅಂದುಕೊಂಡಿದ್ದೆ. ಕೂತು ನೋಡಿದ್ರೆ ಅದೇ ನನ್ನ ತಪ್ಪು. ಹಾಗಾಗಿ ಅದನ್ನ ಸಮಜಾಯಿಷಿ ಜಾಗದಿಂದ ತೆಗೆದು ತಪ್ಪೊಪ್ಪಿಗೆ ಜಾಗಕ್ಕೆ ಹಾಕಿದೆ. ‘ಬಿದ್ದವರು ಒಬ್ಬ ಮನುಷ್ಯ ಅನ್ನೋದನ್ನ ನಾನು ಯೋಚಿಸಲಿಲ್ಲ’ ಅಂತ.

ಮೂರನೇ ವಾಕ್ಯ, ನೇರ ಪ್ರಸಾರದ ಭರ, ಬಾಯಿತಪ್ಪು. ಇದು ಪೂರ್ತಿ ನಿಜವೂ ಅಲ್ಲ. ಹೆಸರು ತಪ್ಪಾಗಿ ಓದಿದ್ರೆ, ತಾರೀಖು ಹಿಂದೆ ಮುಂದೆ ಆದ್ರೆ ಅದು ಬಾಯಿತಪ್ಪು. ನಾನು ಆಡಿದ ಮಾತಿಗೆ ಒಂದು ಹೋಲಿಕೆ ಇತ್ತು, ಒಂದು ಪ್ರಾಸ ಇತ್ತು. ಅದು ಬಾಯಿಂದ ಜಾರಿದ್ದಲ್ಲ, ತಲೆಯಿಂದ ಬಂದದ್ದು. ಇಪ್ಪತ್ತು ವರ್ಷ ನೇರ ಪ್ರಸಾರ ಮಾಡಿದವನು ನೇರ ಪ್ರಸಾರವನ್ನ ದೂರಿದ್ರೆ ಡ್ರೈವರ್ ರಸ್ತೆಯನ್ನ ಬೈದ ಹಾಗೆ.

ಥಟ್ಟನೆ ಬಂತು ಅನ್ನೋ ಸಮಜಾಯಿಷಿಗೆ ಇನ್ನೊಂದು ಅಪಾಯ ಇದೆ. ಅದು ಇದೊಂದೇ ಸಾರಿ ಅನ್ನೋ ಭರವಸೆಯನ್ನ ಒಳಗೇ ಇಟ್ಟುಕೊಂಡಿರುತ್ತೆ. ರಮೇಶ್ ಕುಮಾರ್ ವಿಷಯದಲ್ಲಿ ಜನ ಒಪ್ಪದೆ ಇದ್ದದ್ದಕ್ಕೆ ಇದೂ ಒಂದು ಕಾರಣ. 2019ರ ಫೆಬ್ರವರಿಯಲ್ಲಿ, ಆಡಿಯೋ ಟೇಪ್ ಗದ್ದಲ ನಡೆದಾಗ ಅವರೇ ಸಭಾಧ್ಯಕ್ಷರಾಗಿದ್ದರು. ಅವತ್ತೂ ತಮ್ಮ ಸ್ಥಿತಿಯನ್ನ ಅತ್ಯಾಚಾರಕ್ಕೆ ಒಳಗಾದವರ ಸ್ಥಿತಿಗೆ ಹೋಲಿಸಿ ಮಾತಾಡಿದ್ದರು. ಎರಡನೇ ಸಾರಿ ಅದೇ ಜಾಗಕ್ಕೆ ಬಂದವರು ಥಟ್ಟನೆ ಬಂತು ಅಂದ್ರೆ ಕೇಳೋರು ಮೊದಲನೇದನ್ನ ನೆನಪಿಸಿಕೊಳ್ತಾರೆ. ನನ್ನ ವಿಷಯದಲ್ಲೂ ಹಾಗೇ. ಅಪಘಾತದ ಸುದ್ದಿ ಓದಿ ಆಮೇಲೆ ಒಂದು ಒಗ್ಗರಣೆ ಹಾಕೋ ಚಾಳಿ ನನಗೆ ಸೋಮವಾರ ಶುರು ಆದದ್ದಲ್ಲ. ಹಳೇ ಬುಲೆಟಿನ್ ತೆಗೆದು ನೋಡಿದೆ. ಇತ್ತು. ಅದನ್ನೂ ಹೇಳಬೇಕಾಯ್ತು.

ಇನ್ನು ನಾಲ್ಕನೇ ವಾಕ್ಯ. ‘ಕೆಲವರು ಬೇರೆ ಅರ್ಥದಲ್ಲಿ ತೆಗೆದುಕೊಂಡಿದ್ದಾರೆ.’ ಇದು ನಾಲ್ಕರಲ್ಲೂ ಕೆಟ್ಟದ್ದು. ಇದರ ಅರ್ಥ, ನನ್ನ ಮಾತು ಸರಿ ಇತ್ತು, ನಿಮ್ಮ ಕಿವಿ ಸರಿ ಇರಲಿಲ್ಲ ಅಂತ. ಆ ಮಾತಿಗೆ ಬೇರೆ ಅರ್ಥ ಇರಲೇ ಇಲ್ಲ. ಆ ಹೆಣ್ಣುಮಗಳು ಸರಿಯಾಗೇ ಕೇಳಿಸಿಕೊಂಡಿದ್ದರು, ನನಗಿಂತ ಚೆನ್ನಾಗಿ.

ನೊಂದವರ ಮೇಲೆ ತಪ್ಪು ಹಾಕೋದು ಬರೀ ಮಾತಲ್ಲಿ ಅಲ್ಲ, ನಡೆಯಲ್ಲೂ ಆಗುತ್ತೆ. ಬೆಳಗಾವಿಯಲ್ಲಿ 17ನೇ ತಾರೀಖು ಏನಾಯ್ತು ನೋಡಿ. ಕ್ಷಮಾಪಣೆ ಆಯ್ತು. ಕಾಂಗ್ರೆಸ್‌ನ ಮಹಿಳಾ ಶಾಸಕಿಯರೇ ಈ ಬಗ್ಗೆ ಮಾತಾಡೋಕೆ ಅವಕಾಶ ಕೇಳಿದರು. ಅವರು ಕ್ಷಮೆ ಕೇಳಿ ಆಗಿದೆ, ಇನ್ನು ಬೆಳೆಸೋದು ಬೇಡ ಅನ್ನೋ ಉತ್ತರ ಪೀಠದಿಂದ ಬಂತು. ಅಂದ್ರೆ ಆಡಿದವರಿಗೆ ಎರಡು ಸಾರಿ ಮಾತಾಡೋಕೆ ಸಿಕ್ಕಿತು, ತಮಾಷೆಗೊಂದು, ಕ್ಷಮೆಗೊಂದು. ಕೇಳಿಸಿಕೊಂಡ ಹೆಣ್ಣುಮಕ್ಕಳಿಗೆ ಒಂದು ಸಾರಿಯೂ ಸರಿಯಾಗಿ ಸಿಗಲಿಲ್ಲ. ಹಿಂದಿನ ದಿನ ನಕ್ಕಿದ್ದ ಪೀಠವೇ ಅವತ್ತು ವಿಷಯ ಮುಗೀತು ಅಂದಿತು. ಕ್ಷಮಾಪಣೆ ಬಾಗಿಲು ತೆರೆಯೋಕೆ ಇರಬೇಕು. ಅಲ್ಲಿ ಅದು ಬಾಗಿಲಿಗೆ ಹಾಕೋ ಚಿಲಕ ಆಯ್ತು. ಹೀಗೆ ಆಗ್ತಿದೆಯಾ ಅಂತ ಕಂಡುಹಿಡಿಯೋದು ಸುಲಭ. ಕ್ಷಮೆ ಕೇಳಿದ ಮೇಲೆ ಯಾರು ಸುಮ್ಮನಾಗಬೇಕಾಯ್ತು ಅಂತ ನೋಡಿ. ನೊಂದವರು ಸುಮ್ಮನಾಗಬೇಕಾಗಿ ಬಂದ್ರೆ ಆ ಕ್ಷಮೆಯಲ್ಲಿ ಏನೋ ಕೆಟ್ಟಿದೆ.

ನಾಲ್ಕೂ ವಾಕ್ಯ ಹೋದವು. ಕಾಗದದಲ್ಲಿ ಉಳಿದದ್ದು ಏನೂ ಇಲ್ಲ. ಆಗ ನಿಜವಾದ ಕೆಲಸ ಶುರು ಆಯ್ತು. ಏನು ಹೇಳಬಾರದು ಅನ್ನೋದು ಗೊತ್ತಾದ ಮೇಲೆ ಏನು ಹೇಳಬೇಕು ಅನ್ನೋದು ಗೊತ್ತಿರಬೇಕಲ್ಲ. ಅದಕ್ಕೆ ಮೊದಲು ನಾನು ಏನನ್ನ ನೋಡಿ ನಕ್ಕೆ ಅನ್ನೋದನ್ನ ತಿಳಿದುಕೊಳ್ಳಬೇಕಿತ್ತು. ಆ ಹೆಣ್ಣುಮಗಳಿಗೆ ನಾನೇ ತಿರುಗಿ ಫೋನ್ ಮಾಡಿದೆ. ಮಾತಾಡೋಕೆ ಇಷ್ಟ ಇದೆಯಾ ಅಂತ ಮೊದಲು ಕೇಳಿದೆ. ಇದೆ ಅಂದ್ರು.

ನಮಗೆ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಅಂದ್ರೆ ಕೊಬ್ಬರಿ. ಆ ಕೊಬ್ಬರಿ ಆಗೋದು ಹೇಗೆ? ಚೆನ್ನಾಗಿ ಬಲಿತ ಕಾಯಿಯನ್ನ ಕೆಡವಿ, ಅಟ್ಟದ ಮೇಲೆ ಹೆಚ್ಚುಕಮ್ಮಿ ಒಂದು ವರ್ಷ ಇಡಬೇಕು. ಒಳಗಿನ ನೀರು ಇಂಗಿ, ತಿರುಳು ಒಣಗಿ ಕರಟ ಬಿಟ್ಟುಕೊಂಡು ಉಂಡೆ ಆಗಬೇಕು. ಆಮೇಲೆ ಅದು ತಿಪಟೂರು ಮಾರುಕಟ್ಟೆಗೆ ಬರುತ್ತೆ. ಕೊಬ್ಬರಿ ರೇಟು ಏರಿತು, ಇಳೀತು ಅಂತ ನಾವು ವಾರಕ್ಕೊಮ್ಮೆ ಹೇಳ್ತೀವಿ. ಆದರೆ ಈ ಎಲ್ಲಕ್ಕೂ ಮೊದಲು ಯಾರೋ ಒಬ್ಬರು ಮರ ಹತ್ತಬೇಕು. ಎಟುಕೋ ಮರಕ್ಕೆ ದೋಟಿ ಆದೀತು. ಅಲ್ಲಿಯದು ಎತ್ತರದ ತಳಿ, ಹಳೇ ಮರ ಅರವತ್ತು ಅಡಿವರೆಗೂ ಹೋಗುತ್ತೆ. ಕಾಲಿಗೆ ಹಗ್ಗದ ಬಳೆ, ಸೊಂಟಕ್ಕೆ ಮಚ್ಚು. ಮಳೆ ನಿಂತ ಮಾರನೇ ದಿನ ಕಾಂಡ ಪಾಚಿ ಹಿಡಿದ ಹಾಗೆ ಜಾರುತ್ತೆ. ಅಷ್ಟು ಎತ್ತರದಿಂದ ನೆಲ ಮುಟ್ಟೋಕೆ ಎರಡು ಸೆಕೆಂಡೂ ಬೇಡ. ನಾನು ತಮಾಷೆಗೆ ತಗೊಂಡ ಹೊತ್ತಿಗಿಂತ ಕಮ್ಮಿ.

ಬಿದ್ದ ಮೇಲಿನದು ಸೆಕೆಂಡಿನ ಲೆಕ್ಕ ಅಲ್ಲ. ಬೆನ್ನುಹುರಿಗೆ ಪೆಟ್ಟಾದ್ರೆ ಕಾಲು ಅಷ್ಟೇ ಅಲ್ಲ, ಮೂತ್ರದ ಮೇಲಿನ ಹತೋಟಿಯೂ ಹೋಗುತ್ತೆ. ಸ್ಪರ್ಶ ಗೊತ್ತಾಗಲ್ಲ, ಹಾಗಾಗಿ ಒಂದೇ ಮಗ್ಗುಲಲ್ಲಿ ಮಲಗಿದ್ರೆ ಚರ್ಮ ಒಡೆದು ಹುಣ್ಣಾಗುತ್ತೆ. ಆಕೆ ಎರಡು ಗಂಟೆಗೊಮ್ಮೆ ಅವರ ಮಗ್ಗುಲು ತಿರುಗಿಸ್ತಾರೆ. ರಾತ್ರಿನೂ. ಮೂರು ವರ್ಷದಿಂದ. ಸೋಮವಾರ ರಾತ್ರಿ ಒಂಬತ್ತು ಗಂಟೆ ವಾರ್ತೆ ಹೊತ್ತಿಗೆ ಆಕೆ ಅದೇ ಕೆಲಸದಲ್ಲಿದ್ದರು. ಮರ ಹತ್ತುವವರಿಗೆ ಅಂತಲೇ ತೆಂಗು ಅಭಿವೃದ್ಧಿ ಮಂಡಳಿಯ ‘ಕೇರ ಸುರಕ್ಷಾ’ ಅನ್ನೋ ವಿಮೆ ಇದೆ. ಆ ಮನೆಯಲ್ಲಿ ಯಾರಿಗೂ ಅದು ಗೊತ್ತಿರಲಿಲ್ಲ. ಅದನ್ನ ಹೇಳಬೇಕಾದ ಜಾಗ ಯಾವುದು? ಈ ವಾರ್ತೆ. ನಾವು ಹೇಳಿರಲಿಲ್ಲ. ಹೇಳೋ ಹೊತ್ತಲ್ಲಿ ನಕ್ಕೆವು.

ಇಷ್ಟು ತಿಳಿದ ಮೇಲೆ ಏನನ್ನ ಹೇಳಬೇಕು ಅನ್ನೋದು ತಾನಾಗೇ ಬಂತು. ಆದರೂ ಮೂರು ವಿಷಯದಲ್ಲಿ ನಾನು ನಿರ್ಧಾರ ಮಾಡಬೇಕಾಯ್ತು.

ಒಂದು, ಆ ತಮಾಷೆಯನ್ನ ಮತ್ತೆ ಹೇಳಬೇಕಾ? ನಿರ್ದಿಷ್ಟವಾಗಿ ಹೇಳದೆ ಹೋದ್ರೆ ‘ನನ್ನ ಮಾತಿನಿಂದ’ ಅನ್ನೋ ಮಬ್ಬಿನಲ್ಲಿ ತಪ್ಪು ಅಡಗಿಕೊಳ್ಳುತ್ತೆ. ಇದ್ದ ಹಾಗೇ ಹೇಳಿದ್ರೆ ಅದು ಎರಡನೇ ಸಾರಿ ಪ್ರಸಾರ ಆದ ಹಾಗೆ, ಮತ್ತೆ ಯಾರೋ ನಗ್ತಾರೆ. ಅದಕ್ಕೆ ಮಾತನ್ನ ಬಿಟ್ಟು, ಮಾತು ಮಾಡಿದ ಕೆಲಸವನ್ನ ಹೇಳಿದೆ. ಒಬ್ಬ ಮನುಷ್ಯ ಬಿದ್ದದ್ದನ್ನ ಕಾಯಿ ಉದುರಿದ್ದಕ್ಕೆ ಹೋಲಿಸಿದೆ ಅಂತ. ಅಲ್ಲಿ ತಪ್ಪು ಪೂರ್ತಿ ಕಾಣುತ್ತೆ, ನಗು ಹುಟ್ಟಲ್ಲ. ರಮೇಶ್ ಕುಮಾರ್ ಆಡಿದ ಮಾತನ್ನೂ ನಾನು ಇವತ್ತು ಹೇಳದೆ ಇದ್ದದ್ದು ಇದೇ ಕಾರಣಕ್ಕೆ.

ಎರಡು, ಎಲ್ಲಿ ಹೇಳಬೇಕು? ಮೊದಲು ನೊಂದವರಿಗೆ ನೇರವಾಗಿ, ಆಮೇಲೆ ಊರಿಗೆ. ಬಿದ್ದವರ ಮನೆಗೆ ನಮ್ಮ ವರದಿಗಾರರ ಮೂಲಕ ಕೇಳಿಸಿ, ಅವರು ಒಪ್ಪಿದ ಮೇಲೆ ಫೋನಲ್ಲಿ ಮಾತಾಡಿದೆ. ಊರಿನ ಹೆಸರು ಹೇಳಬೇಡಿ, ತಾಲ್ಲೂಕು ಸಾಕು ಅಂದ್ರು. ಹಾಗೇ ಮಾಡಿದೆ. ಊರಿಗೆ ಹೇಳೋದನ್ನ ತಪ್ಪು ನಡೆದ ಜಾಗದಲ್ಲೇ ಹೇಳಬೇಕು. ಒಂಬತ್ತು ಗಂಟೆಗೆ ನಕ್ಕು, ರಾತ್ರಿ ಹನ್ನೊಂದಕ್ಕೆ ಪರದೆಯ ಕೆಳಗೆ ಓಡೋ ಅಕ್ಷರದಲ್ಲಿ ವಿಷಾದಿಸಿದ್ರೆ ಅದು ಕಣ್ಣೊರೆಸೋ ಕೆಲಸ. ಅಂಗವೈಕಲ್ಯ ಇರುವವರನ್ನ ಗೇಲಿ ಮಾಡಿದ ಹಾಸ್ಯಗಾರರ ವಿಷಯದಲ್ಲಿ ಸುಪ್ರೀಂ ಕೋರ್ಟ್ 2025ರ ಆಗಸ್ಟ್ 25ರಂದು ಹೇಳಿದ್ದೂ ಇದನ್ನೇ. ಕೋರ್ಟಿನಲ್ಲಿ ಕ್ಷಮೆ ಕೇಳಿದ್ರೆ ಸಾಲದು, ನಿಮ್ಮ ನಿಮ್ಮ ಯೂಟ್ಯೂಬ್ ಚಾನೆಲ್‌ನಲ್ಲೇ ಕೇಳಿ ಅಂತ. ನಕ್ಕವರು ಎಲ್ಲಿ ಕೂತು ನಕ್ಕರೋ ಅಲ್ಲಿಗೇ ಕ್ಷಮೆಯೂ ತಲುಪಬೇಕು.

ಮೂರು, ಕಾಯಬೇಕಾ? ಟಿವಿಗೆ ನಿಯಮಗಳಿವೆ. 2021ರಲ್ಲಿ ಬಂದ ಕೇಬಲ್ ಟಿವಿ ತಿದ್ದುಪಡಿ ನಿಯಮದ ಪ್ರಕಾರ ನೀವು ದೂರು ಕೊಟ್ಟರೆ ಚಾನೆಲ್ 24 ಗಂಟೆಯೊಳಗೆ ಸ್ವೀಕೃತಿ ಕೊಡಬೇಕು, 15 ದಿನದೊಳಗೆ ತೀರ್ಮಾನ ಹೇಳಬೇಕು. ಒಪ್ಪಿಗೆ ಆಗದೆ ಇದ್ರೆ ಚಾನೆಲ್‌ಗಳ ಸ್ವಯಂ ನಿಯಂತ್ರಣ ಸಂಸ್ಥೆಗೆ ಹೋಗಬಹುದು. ಅದು ಕ್ಷಮೆ ಕೇಳಿ ಅಂತ ಚಾನೆಲ್‌ಗೆ ಹೇಳಬಹುದು. ಇದು ನಿಮ್ಮ ಹಕ್ಕು, ನೆನಪಿಟ್ಟುಕೊಳ್ಳಿ. ಆದರೆ ಅಲ್ಲಿ ಕ್ಷಮೆ ಕೇಳೋದು ಚಾನೆಲ್. ಆಡಿದವನು ತಾನಾಗಿ ಕೇಳೋ ಕ್ಷಮೆಯನ್ನ ಯಾವ ನಿಯಮವೂ ತರಿಸೋಕೆ ಆಗಲ್ಲ. ಅದಕ್ಕೆ ದೂರು ಬರೋ ತನಕ ಕಾಯಲಿಲ್ಲ. ಹಾಗಿದ್ದೂ ಎರಡು ದಿನ ಹೋಯ್ತು. ಅದೂ ನನ್ನದೇ.

ಕೊನೆಗೆ ಬುಧವಾರ ನಾನು ಓದಿದ್ದು ಇಷ್ಟು. ಹಿನ್ನೆಲೆ ಸಂಗೀತ ಇರಲಿಲ್ಲ.

“ಸೋಮವಾರ ರಾತ್ರಿ ಇದೇ ವಾರ್ತೆಯಲ್ಲಿ, ತುರುವೇಕೆರೆ ತಾಲ್ಲೂಕಿನಲ್ಲಿ ತೆಂಗಿನ ಮರದಿಂದ ಬಿದ್ದು ಗಾಯಗೊಂಡವರ ಸುದ್ದಿ ಓದಿದ ಮೇಲೆ ನಾನು ಒಂದು ತಮಾಷೆ ಮಾಡಿದೆ. ಒಬ್ಬ ಮನುಷ್ಯ ಬಿದ್ದದ್ದನ್ನು ಕಾಯಿ ಉದುರಿದ್ದಕ್ಕೆ ಹೋಲಿಸಿದೆ, ನಕ್ಕೆ. ನಾನು ತಪ್ಪು ಮಾಡಿದೆ. ಆಸ್ಪತ್ರೆಯಲ್ಲಿದ್ದ ಅವರನ್ನು ಒಬ್ಬ ಮನುಷ್ಯ ಅಂತ ನಾನು ಯೋಚಿಸಲಿಲ್ಲ. ಹೀಗೆ ಬಿದ್ದು ವರ್ಷಗಟ್ಟಲೆ ಹಾಸಿಗೆಯಲ್ಲಿರುವವರು, ಅವರನ್ನು ನೋಡಿಕೊಳ್ಳುವವರು ಈ ವಾರ್ತೆ ನೋಡುತ್ತಿದ್ದರು. ಅವರ ಮನೆಯೊಳಗೆ ಕೂತು ನಾನು ನಕ್ಕ ಹಾಗಾಯಿತು. ಅವರಿಗೆ ನೋವಾಗಿದೆ. ಅಪಘಾತದ ಸುದ್ದಿಗೆ ತಮಾಷೆ ಸೇರಿಸುವ ಚಾಳಿ ನನಗೆ ಮೊದಲಿನಿಂದ ಇತ್ತು. ಇನ್ನು ಅದನ್ನು ಮಾಡುವುದಿಲ್ಲ. ಆ ದೃಶ್ಯವನ್ನು ನಮ್ಮ ಎಲ್ಲಾ ಪುಟಗಳಿಂದ ತೆಗೆದಿದ್ದೇವೆ. ಬೇರೆಯವರ ಫೋನುಗಳಲ್ಲಿ ಉಳಿದದ್ದನ್ನು ತೆಗೆಯಲು ನನ್ನಿಂದ ಆಗುವುದಿಲ್ಲ. ಬಿದ್ದವರಲ್ಲಿ, ಅವರ ಮನೆಯವರಲ್ಲಿ, ಮರ ಹತ್ತಿ ದುಡಿಯುವ ಎಲ್ಲರಲ್ಲಿ ನಾನು ಕ್ಷಮೆ ಕೇಳುತ್ತೇನೆ.”

ಕ್ಷಮಿಸಿ ಅಂತ ಬೇಡಲಿಲ್ಲ, ಗಮನಿಸಿದ್ರಾ? ಟಿವಿಯಲ್ಲಿ ಲಕ್ಷಾಂತರ ಜನರ ಎದುರು ‘ದಯವಿಟ್ಟು ಕ್ಷಮಿಸಿಬಿಡಿ’ ಅಂದ್ರೆ ಆ ಮನೆಯವರ ಮೇಲೆ ಒತ್ತಡ ಹಾಕಿದ ಹಾಗೆ. ಕ್ಷಮಿಸದೆ ಇದ್ರೆ ಅವರೇ ಕೆಟ್ಟವರು ಆಗಿಬಿಡ್ತಾರೆ. ಕೇಳೋದು ನನ್ನ ಕೆಲಸ. ಕೊಡೋದು ಬಿಡೋದು ಅವರದ್ದು, ಯಾವಾಗ ಅನ್ನೋದೂ ಅವರದ್ದೇ.

ಕೊನೆಗೊಂದು ಮಾತು, ನನ್ನ ಪರವಾಗಿ ಬರೆದವರಿಗೆ. “ಇಷ್ಟಕ್ಕೆಲ್ಲಾ ಬೇಜಾರು ಮಾಡ್ಕೊಂಡ್ರೆ ಹೇಗೆ, ಈಗಿನ ಜನಕ್ಕೆ ತಮಾಷೆ ಅರ್ಥ ಆಗಲ್ಲ” ಅಂತ ನಿಮ್ಮಲ್ಲಿ ಕೆಲವರು ಬರೀತಿದ್ದೀರಿ. ಪ್ರೀತಿಯಿಂದ ಬರೆದಿದ್ದೀರಿ, ಗೊತ್ತು. ದಯವಿಟ್ಟು ನಿಲ್ಲಿಸಿ. ನಾನು ಕಾಗದದಲ್ಲಿ ಹೊಡೆದು ಹಾಕಿದ ನಾಲ್ಕನೇ ವಾಕ್ಯವನ್ನ ನೀವು ನನ್ನ ಪರವಾಗಿ ಮತ್ತೆ ಬರೀತಿದ್ದೀರಿ. ಅದನ್ನ ನೋಡಿ ಸುಮ್ಮನಿದ್ರೆ, ಕ್ಷಮೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡವನು ನಾನೇ ಆಗ್ತೀನಿ.

ಆ ಹೆಣ್ಣುಮಗಳು ಬುಧವಾರದ ಮೇಲೆ ಫೋನ್ ಮಾಡಿಲ್ಲ. ಆ ಮನೆಯಲ್ಲಿ ಟಿವಿ ಮತ್ತೆ ಹಾಕಿದ್ದಾರಾ ಅಂತಲೂ ನಾನು ಕೇಳಿಲ್ಲ. ಕೇಳೋದು ಸರಿಯಲ್ಲ. ಇವತ್ತಿನ ವಾರ್ತೆಯಲ್ಲಿ ತೆಂಗಿನ ಮರ ಹತ್ತುವವರ ವಿಮೆಯ ಬಗ್ಗೆ, ಅರ್ಜಿ ಎಲ್ಲಿ ಕೊಡಬೇಕು, ಏನೇನು ದಾಖಲೆ ಬೇಕು ಅಂತ ನಮ್ಮ ತುಮಕೂರು ವರದಿಗಾರರು ವಿವರವಾಗಿ ಹೇಳ್ತಾರೆ. ವಿರಾಮದ ನಂತರ ನೋಡಿ.

ನಮಸ್ಕಾರ.